ರಿಟರ್ನ್‌ನಲ್ಲಿ ಬ್ಯಾಂಕ್ ಬಡ್ಡಿ ಬಿಟ್ಟುಹೋಗಿದೆ ಅಂತ ನೋಟಿಸ್ ಬಂದಿದೆ, ಏನು ಉತ್ತರ ಕೊಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್‌ಗೆ ಮೆಸೇಜ್ ಬಂದಿದೆ. ಇದು ನಿಜವಾಗಲೂ ಇನ್‌ಕಮ್ ಟ್ಯಾಕ್ಸ್ ಇಲಾಖೆಯದ್ದಾ?

ಮೆಸೇಜ್‌ನಲ್ಲಿರುವ ಲಿಂಕ್ ಒತ್ತಬೇಡಿ. ಬ್ರೌಸರ್‌ನಲ್ಲಿ ನೀವೇ incometax.gov.in ಅಂತ ಟೈಪ್ ಮಾಡಿ ಲಾಗಿನ್ ಆಗಿ. ಇಲಾಖೆ ಕಳಿಸಿದ್ದೇ ಆಗಿದ್ದರೆ ನಿಮ್ಮ ಖಾತೆಯ Pending Actions ಮೆನುವಿನಲ್ಲಿ, e-Proceedings ಅಥವಾ Compliance Portal ಒಳಗೆ, ಅದು ಕಾಣಬೇಕು. ಕೈಗೆ ಪಿಡಿಎಫ್ ಪತ್ರ ಬಂದಿದ್ದರೆ ಅದರ ಮೇಲೆ DIN ಅನ್ನೋ ನಂಬರ್ ಇದೆಯಾ ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಈ ನಂಬರ್ ಹಾಕುವುದು ಕಡ್ಡಾಯ. ಪೋರ್ಟಲ್‌ನ ಮೊದಲ ಪುಟದಲ್ಲೇ Authenticate Notice/Order Issued by ITD ಅಂತ ಒಂದು ಕೊಂಡಿ ಇದೆ. ಅಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತೆ, ಲಾಗಿನ್ ಕೂಡ ಬೇಕಾಗಲ್ಲ.

ಎಲ್ಲಾ ನೋಟಿಸ್ ಒಂದೇನಾ? ನನಗೆ ಬಂದಿರೋದು ಯಾವುದು?

ಒಂದೇ ಅಲ್ಲ. ಪತ್ರದ ಮೇಲ್ಭಾಗದಲ್ಲಿ ಸೆಕ್ಷನ್ ನಂಬರ್ ಇರುತ್ತೆ, ಮೊದಲು ಅದನ್ನು ಓದಿ.

ಬಹಳ ಜನಕ್ಕೆ ಬರೋದು ಸೆಕ್ಷನ್ ನಂಬರೇ ಇಲ್ಲದ ಮೆಸೇಜ್ ಅಥವಾ ಇಮೇಲ್. ನಿಮ್ಮ ರಿಟರ್ನ್‌ನಲ್ಲಿರುವ ಬಡ್ಡಿಗೂ ಬ್ಯಾಂಕ್ ವರದಿ ಮಾಡಿರುವ ಬಡ್ಡಿಗೂ ತಾಳೆ ಆಗ್ತಿಲ್ಲ, ನೋಡಿ ಹೇಳಿ ಅನ್ನುವ ಸೂಚನೆ ಅದು. ಇದರಲ್ಲಿ ತಪ್ಪು ಸರಿಪಡಿಸಲು ದಾರಿ ಪೂರ್ತಿ ತೆರೆದಿರುತ್ತೆ. ಎರಡನೆಯದು 133(6), ಅಂದರೆ ಮಾಹಿತಿ ಕೊಡಿ ಅಂತ ಅಧಿಕಾರಿಯೇ ಕೇಳೋದು. ಅದರಲ್ಲಿ ಬರೆದಿರೋ ತಾರೀಖಿನೊಳಗೆ ಉತ್ತರ ಹೋಗಲೇಬೇಕು. ಮೂರನೆಯದು 139(9). ಟಿಡಿಎಸ್ ಮಾತ್ರ ಕ್ಲೈಮ್ ಮಾಡಿ, ಅದಕ್ಕೆ ಸೇರಿದ ಬಡ್ಡಿ ಆದಾಯ ತೋರಿಸದೇ ಇದ್ದಾಗ ನಿಮ್ಮ ರಿಟರ್ನ್ ದೋಷಪೂರ್ಣ ಅಂತ ಇದು ಬರುತ್ತೆ. 15 ದಿನದಲ್ಲಿ ಸರಿಪಡಿಸಿದ ರಿಟರ್ನ್ ಹಾಕದಿದ್ದರೆ ಮೊದಲು ಹಾಕಿದ ರಿಟರ್ನೇ ಅಸಿಂಧು ಆಗಬಹುದು, ಹಾಗಾಗಿ ಇದನ್ನು ಮಾತ್ರ ಮುಂದೂಡಬೇಡಿ.

143(2) ಅಥವಾ 148A ಅಂತ ಇದ್ದರೆ ಈ ಪುಟ ಸಾಲದು. ಆಡಿಟರ್ ಹತ್ತಿರ ಹೋಗಿ.

ಇನ್ನೊಂದು ವಿಷಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ ನಿಜ. ಆದರೆ ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ 1961ರ ಕಾಯ್ದೆಯ ಲೆಕ್ಕವೇ ನಡೆಯುತ್ತೆ. ಈ ಪುಟದಲ್ಲಿರುವ ಸೆಕ್ಷನ್‌ಗಳೆಲ್ಲ ಆ ಹಳೆ ಕಾಯ್ದೆಯವು.

ಬ್ಯಾಂಕ್ ಟಿಡಿಎಸ್ ಕಟ್ ಮಾಡೇ ಇಲ್ಲ. ಆಮೇಲೆ ಟ್ಯಾಕ್ಸ್ ಯಾಕೆ?

ಜನ ಜಾಸ್ತಿ ಎಡವೋದು ಇಲ್ಲೇ. ಟಿಡಿಎಸ್ ಕಟ್ ಆಗದೇ ಇರೋದಕ್ಕೂ ತೆರಿಗೆ ಇಲ್ಲದೇ ಇರೋದಕ್ಕೂ ಸಂಬಂಧ ಇಲ್ಲ. ಒಂದು ಬ್ಯಾಂಕಿನಲ್ಲಿ ವರ್ಷದ ಎಫ್‌ಡಿ ಬಡ್ಡಿ ಒಂದು ಮಿತಿ ದಾಟಿದರೆ ಮಾತ್ರ ಬ್ಯಾಂಕ್ ಟಿಡಿಎಸ್ ಹಿಡಿಯುತ್ತೆ. 2024-25ರ ತನಕ ಈ ಮಿತಿ 40,000 ರೂಪಾಯಿ, ಹಿರಿಯ ನಾಗರಿಕರಿಗೆ 50,000 ಇತ್ತು. 2025ರ ಏಪ್ರಿಲ್‌ನಿಂದ 50,000 ಮತ್ತು 1,00,000 ಆಗಿದೆ. ಮಿತಿಯೊಳಗೆ ಬಂದ ಬಡ್ಡಿ ನಿಮ್ಮ ಕೈಗೆ ಪೂರ್ತಿ ಸಿಗುತ್ತೆ, ಆದರೆ ಅದು ನಿಮ್ಮ ಆದಾಯಕ್ಕೆ ಸೇರಲೇಬೇಕು, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಕಟ್ಟಲೇಬೇಕು.

15G, 15H ಕೊಟ್ಟವರಿಗೂ ಇದೇ ಮಾತು. ಆ ಫಾರಂ ಕೊಟ್ಟರೆ ಬ್ಯಾಂಕ್ ಹಿಡಿಯಲ್ಲ, ಅಷ್ಟೇ. ಬಡ್ಡಿಗೆ ವಿನಾಯಿತಿ ಸಿಕ್ಕಿತು ಅಂತ ಅಲ್ಲ.

ಇನ್ನು ಇಲಾಖೆಗೆ ಹೇಗೆ ಗೊತ್ತಾಯ್ತು ಅಂದರೆ, ಟಿಡಿಎಸ್ ಹಿಡಿಯಲಿ ಬಿಡಲಿ, ಬ್ಯಾಂಕ್ ನಿಮ್ಮ ಪ್ಯಾನ್ ನಂಬರ್ ಜೊತೆ ವರ್ಷದ ಬಡ್ಡಿಯನ್ನು ವರದಿ ಮಾಡುತ್ತೆ. ಅದು ಪೋರ್ಟಲ್‌ನಲ್ಲಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ SFT-016 ಅನ್ನೋ ಕೋಡ್‌ನಲ್ಲಿ ಬಂದು ಕೂರುತ್ತೆ. ಫಾರಂ 26ಎಎಸ್‌ನಲ್ಲಿ ಟಿಡಿಎಸ್ ಕಟ್ ಆದ ಬಡ್ಡಿ ಮಾತ್ರ ನೋಡಿ ರಿಟರ್ನ್ ಹಾಕಿದರೆ ಉಳಿದದ್ದು ಬಿಟ್ಟುಹೋಗೋದು ಹೀಗೇ.

ನೋಟಿಸ್‌ನಲ್ಲಿರುವ ಮೊತ್ತ ನನ್ನ ಲೆಕ್ಕಕ್ಕೆ ಕೂಡ್ತಾನೇ ಇಲ್ಲ. ಏನು ಮಾಡ್ಲಿ?

ಆ ಮೊತ್ತವನ್ನು ಒಂದೇ ಗಂಟಾಗಿ ನೋಡಬೇಡಿ, ಬಿಚ್ಚಿ. ಉತ್ತರದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಲಾಗಿನ್ ಆಗಿ ಎಐಎಸ್ ತೆರೆದು, ನೋಟಿಸ್‌ಗೆ ಸಂಬಂಧಿಸಿದ ಆರ್ಥಿಕ ವರ್ಷವನ್ನು ಆರಿಸಿ. ಇಲ್ಲಿ ಒಂದು ಎಚ್ಚರಿಕೆ. ನೋಟಿಸ್‌ನಲ್ಲಿ ಅಸೆಸ್‌ಮೆಂಟ್ ವರ್ಷ ಅಂತ ಇರುತ್ತೆ, ಎಐಎಸ್ ಆರ್ಥಿಕ ವರ್ಷದ ಹೆಸರಲ್ಲಿ ಇರುತ್ತೆ. ಅಸೆಸ್‌ಮೆಂಟ್ ವರ್ಷ 2024-25 ಅಂದರೆ ದುಡಿದ ವರ್ಷ 2023-24. ತಪ್ಪು ವರ್ಷ ತೆರೆದು ಮೊತ್ತ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಂಡವರು ತುಂಬಾ ಜನ. ಆಮೇಲೆ ಬಡ್ಡಿಯ ಸಾಲುಗಳನ್ನು ಒಂದೊಂದಾಗಿ ತೆರೆಯಿರಿ. ಯಾವ ಬ್ಯಾಂಕ್, ಯಾವ ಖಾತೆ, ಎಷ್ಟು ಮೊತ್ತ ಅಂತ ಇರುತ್ತೆ. ಪ್ರತಿ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ತೆಗೆದುಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ. ನೆಟ್ ಬ್ಯಾಂಕಿಂಗ್‌ನಲ್ಲೇ ಸಿಗುತ್ತೆ, ಇಲ್ಲಾಂದ್ರೆ ಬ್ರಾಂಚ್‌ನಲ್ಲಿ ಕೇಳಿದರೆ ಕೊಡ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ, ಈ ಪುಟದ ಉದ್ದಕ್ಕೂ ಇದನ್ನೇ ಹಿಡಿದು ಹೋಗೋಣ. ಒಬ್ಬರು ಸಂಬಳದ ಕೆಲಸದಲ್ಲಿದ್ದಾರೆ. 2023-24ಕ್ಕೆ ಹಳೆ ತೆರಿಗೆ ಪದ್ಧತಿಯಲ್ಲಿ, ಎಲ್ಲಾ ಕಡಿತ ಕಳೆದು 8,50,000 ರೂಪಾಯಿ ಆದಾಯ ತೋರಿಸಿ, 2024ರ ಜುಲೈನಲ್ಲಿ ಸಮಯಕ್ಕೆ ಸರಿಯಾಗಿ ರಿಟರ್ನ್ ಹಾಕಿದ್ದಾರೆ. ಬಡ್ಡಿಯ ಕಾಲಂ ಖಾಲಿ. 2025ರ ನವೆಂಬರ್‌ನಲ್ಲಿ ಮೆಸೇಜ್ ಬಂತು, 68,600 ರೂಪಾಯಿ ಬಡ್ಡಿ ತಾಳೆ ಆಗ್ತಿಲ್ಲ ಅಂತ. ಎಐಎಸ್ ಬಿಚ್ಚಿದಾಗ ಮೂರು ಸಾಲು ಸಿಕ್ಕಿತು. ಸಂಬಳ ಬರುವ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 6,200. ಎರಡನೇ ಬ್ಯಾಂಕಿನಲ್ಲಿ ಎಫ್‌ಡಿ ಬಡ್ಡಿ 38,400, ಮಿತಿಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಟಿಡಿಎಸ್ ಇಲ್ಲ. ಮೂರನೇ ಬ್ಯಾಂಕಿನಲ್ಲಿ 24,000, ಅದು ತಾಯಿಯ ದುಡ್ಡು, ಜಂಟಿ ಖಾತೆ, ಆದರೆ ಮೊದಲ ಹೆಸರು ಮಗನದ್ದು.

ಮೂರು ಸಾಲಿಗೂ ಉತ್ತರ ಬೇರೆ ಬೇರೆ. 68,600ಕ್ಕೆ ಒಂದೇ ಮಾತಲ್ಲಿ ಹೌದು ಅಥವಾ ಇಲ್ಲ ಅಂದರೆ ಎರಡೂ ತಪ್ಪೇ.

ಜಂಟಿ ಖಾತೆಯ ಬಡ್ಡಿ ಪೂರ್ತಿ ನನ್ನ ಹೆಸರಲ್ಲೇ ತೋರಿಸ್ತಿದೆ, ಅದು ನಂದಲ್ಲ

ಬ್ಯಾಂಕ್ ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್‌ಗೇ ವರದಿ ಮಾಡುತ್ತೆ. ಆದರೆ ತೆರಿಗೆ ಬೀಳೋದು ದುಡ್ಡು ಯಾರದ್ದೋ ಅವರಿಗೆ. ಉದಾಹರಣೆಯ 24,000 ತಾಯಿಯ ಆದಾಯ. ಅದನ್ನು ತೋರಿಸಲು ದಾಖಲೆ ಬೇಕು: ಎಫ್‌ಡಿ ಮಾಡಿದ ದಿನ ತಾಯಿಯ ಖಾತೆಯಿಂದ ಹಣ ಹೋಗಿರುವ ಸ್ಟೇಟ್‌ಮೆಂಟ್, ಬಡ್ಡಿ ಅವರ ಖಾತೆಗೇ ಬಂದಿದ್ದರೆ ಅದೂ. ಎಐಎಸ್‌ನಲ್ಲಿ ಆ ಸಾಲಿನ ಮುಂದೆ Information relates to other PAN/Year ಆರಿಸಿ. ತಾಯಿಯ ಪ್ಯಾನ್ ಕೈಯಲ್ಲಿ ಇಟ್ಟುಕೊಳ್ಳಿ. ತಾಯಿಯ ಒಟ್ಟು ಆದಾಯ ತೆರಿಗೆಗೆ ಬರುವಷ್ಟಿದ್ದರೆ ಅವರ ರಿಟರ್ನ್‌ನಲ್ಲಿ ಈ 24,000 ಇರಲೇಬೇಕು. ನಿಮ್ಮದಲ್ಲ ಅಂತ ನೀವು ಹೇಳಿದ ಮೇಲೆ ಇಲಾಖೆ ಅಲ್ಲಿ ಹುಡುಕುತ್ತೆ.

ಒಂದು ಕಡೆ ಮಾತ್ರ ಹುಷಾರು. ನಿಮ್ಮ ದುಡ್ಡನ್ನು ಹೆಂಡತಿಯ ಹೆಸರಲ್ಲಿ ಸುಮ್ನೆ ಎಫ್‌ಡಿ ಇಟ್ಟಿದ್ದರೆ ಆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತೆ, ಸೆಕ್ಷನ್ 64 ಪ್ರಕಾರ. ಚಿಕ್ಕ ಮಕ್ಕಳ ಹೆಸರಲ್ಲಿ ಇಟ್ಟಿದ್ದರೂ ಅಷ್ಟೇ, ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರುತ್ತೆ. ಅಂಥ ಕಡೆ ಬೇರೆಯವರ ಪ್ಯಾನ್ ತೋರಿಸಿ ಜಾರಿಕೊಳ್ಳೋಕೆ ಆಗಲ್ಲ.

ನಾನು ಬಡ್ಡಿ ತೋರಿಸಿದ್ದೆ. ಆದ್ರೂ ಮೆಸೇಜ್ ಬಂದಿದೆಯಲ್ಲ?

ಮೊದಲು ಯಾವ ಸಾಲಿನಲ್ಲಿ ತೋರಿಸಿದ್ದೀರಿ ನೋಡಿ. ಬಡ್ಡಿಯನ್ನು ಇತರೆ ಮೂಲಗಳ ಆದಾಯದಲ್ಲಿ ಉಳಿತಾಯ, ಠೇವಣಿ ಅಂತ ಬಿಡಿಸಿ ಹಾಕುವ ಬದಲು ಅದೇ ಭಾಗದ, ಅಂದರೆ Schedule OSನ, Others ಸಾಲಿಗೆ ತುರುಕಿದ್ದರೆ ಕಂಪ್ಯೂಟರ್‌ಗೆ ಅದು ಬಡ್ಡಿ ಅಂತ ಗೊತ್ತಾಗಲ್ಲ. ಇಂಥವರು ಉತ್ತರ ಕೊಡಬೇಕಾಗಿಲ್ಲ, ಅದು ತಾನಾಗೇ Completed ಅಂತ ಮುಗಿಯುತ್ತೆ ಅಂತ ಇಲಾಖೆಯೇ 2024ರ ಫೆಬ್ರವರಿಯಲ್ಲಿ ಹೇಳಿತ್ತು. ಆಗ ತಾಳೆ ನೋಡುತ್ತಿದ್ದದ್ದು 2021-22 ಮತ್ತು 2022-23ರ ಬಡ್ಡಿ, ಡಿವಿಡೆಂಡ್. ನನ್ನ ಸಲಹೆ ಏನಂದ್ರೆ, ಪೋರ್ಟಲ್ ಒಳಗೆ ಹೋಗಿ Completed ಅಂತ ಬಂದಿದೆಯಾ ಕಣ್ಣಾರೆ ನೋಡಿ. ಬಂದಿಲ್ಲ ಅಂದರೆ ಎರಡು ಸಾಲು ಬರೆದು, ಯಾವ ಕಾಲಂನಲ್ಲಿ ಎಷ್ಟು ತೋರಿಸಿದೆ ಅಂತ ಹೇಳಿಬಿಡಿ. ತೋರಿಸಿದ ಆದಾಯಕ್ಕೆ ಮತ್ತೆ ತೆರಿಗೆ ಕಟ್ಟಲು ಹೋಗಬೇಡಿ.

ಒಂದೇ ಬಡ್ಡಿ ಎರಡು ಸಲ ಬಂದಿರೋದೂ ಉಂಟು. ಟಿಡಿಎಸ್ ಸಾಲಿನಲ್ಲಿ ಒಮ್ಮೆ, SFT-016 ಸಾಲಿನಲ್ಲಿ ಇನ್ನೊಮ್ಮೆ. ಎಐಎಸ್ ಪಕ್ಕದಲ್ಲೇ ಇರುವ ಟಿಐಎಸ್ ಸಾರಾಂಶದಲ್ಲಿ ಸಾಮಾನ್ಯವಾಗಿ ಇದನ್ನು ಕಳೆದೇ ತೋರಿಸಿರ್ತಾರೆ. ಅಲ್ಲೂ ಎರಡು ಸಲ ಕೂಡಿದ್ದರೆ Information is duplicate / included in other information ಅಂತ ಗುರುತು ಹಾಕಿ.

ನನ್ನ ಎಫ್‌ಡಿ ಇನ್ನೂ ಮೆಚೂರ್ ಆಗಿಲ್ಲ. ಬಡ್ಡಿ ಕೈಗೆ ಬಂದೇ ಇಲ್ಲ, ಈಗ್ಲೇ ಯಾಕೆ ಕೇಳ್ತಾರೆ?

ಐದು ವರ್ಷದ ಎಫ್‌ಡಿಯಲ್ಲಿ ಬಡ್ಡಿ ಕೊನೆಗೆ ಒಟ್ಟಿಗೆ ಸಿಗುತ್ತೆ, ಆದರೆ ಬ್ಯಾಂಕ್ ಲೆಕ್ಕದಲ್ಲಿ ಅದು ವರ್ಷವರ್ಷವೂ ಸೇರ್ತಾ ಹೋಗುತ್ತೆ. ವರದಿಯೂ ಹಾಗೇ ಹೋಗುತ್ತೆ, ಟಿಡಿಎಸ್ ಇದ್ದರೆ ಅದೂ ಹಾಗೇ. ಕೈಗೆ ಬಂದಾಗಲೇ ತೋರಿಸುವ ಪದ್ಧತಿ ಕಾನೂನಿನಲ್ಲಿ ಇಲ್ಲ ಅಂತಲ್ಲ. ಆದರೆ ಅದನ್ನು ಎಲ್ಲಾ ವರ್ಷವೂ ಒಂದೇ ರೀತಿ ಪಾಲಿಸಿರಬೇಕು. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ನಡೆಯಲ್ಲ. ವರ್ಷವರ್ಷ ತೋರಿಸೋದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಇಲ್ಲಾಂದ್ರೆ ಪ್ರತಿ ವರ್ಷ ಇದೇ ಮೆಸೇಜ್ ಬರುತ್ತೆ, ಕೊನೇ ವರ್ಷ ಐದು ವರ್ಷದ ಬಡ್ಡಿ ಒಟ್ಟಿಗೆ ಬಂದು ಮೇಲಿನ ಸ್ಲ್ಯಾಬ್‌ಗೆ ತಳ್ಳಬಹುದು.

ಬಿಟ್ಟುಹೋದದ್ದು ನಿಜ. ಎಷ್ಟು ಕಟ್ಟಬೇಕಾಗುತ್ತೆ?

ಉದಾಹರಣೆಯವರ ಲೆಕ್ಕ ಮಾಡೋಣ. ತಾಯಿಯ 24,000 ತೆಗೆದರೆ ಉಳಿಯೋದು 44,600. ಇದರಲ್ಲಿ ಉಳಿತಾಯ ಖಾತೆಯ 6,200ಕ್ಕೆ 80TTA ಕಡಿತ ಇದೆ, ವರ್ಷಕ್ಕೆ 10,000ದ ತನಕ. ಆದಾಯಕ್ಕೆ ಸೇರಿಸಿ, ಆಮೇಲೆ ಕಡಿತದಲ್ಲಿ ಕಳೆಯಬೇಕು. ತೆರಿಗೆ ಸೊನ್ನೆಯೇ ಆದರೂ ತೋರಿಸದೇ ಬಿಡುವ ಹಾಗಿಲ್ಲ. ಹೊಸ ಪದ್ಧತಿ ಆರಿಸಿದವರಿಗೆ ಈ ಕಡಿತ ಸಿಗಲ್ಲ. ಹಳೆ ಪದ್ಧತಿಯಲ್ಲಿರುವ 60 ದಾಟಿದವರಿಗೆ 80TTA ಬದಲು 80TTB, ಎಫ್‌ಡಿ ಬಡ್ಡಿಯೂ ಸೇರಿ 50,000ದ ತನಕ.

ಹಾಗಾಗಿ ತೆರಿಗೆ ಬೀಳೋದು 38,400ಕ್ಕೆ. 8,50,000ದ ಮೇಲೆ ಇದು ಕೂತರೂ ಹತ್ತು ಲಕ್ಷ ದಾಟಲ್ಲ, ಅಂದರೆ 20% ಸ್ಲ್ಯಾಬ್. ತೆರಿಗೆ 7,680, ಅದರ ಮೇಲೆ 4% ಸೆಸ್ 307, ಒಟ್ಟು 7,987 ರೂಪಾಯಿ. ಸಂಬಳದ ಮೇಲಿನ ತೆರಿಗೆ ಟಿಡಿಎಸ್‌ನಲ್ಲಿ ಪೂರ್ತಿ ಹೋಗಿದೆ ಅಂದುಕೊಳ್ಳೋಣ. ಬಾಕಿ 10,000ಕ್ಕಿಂತ ಕಡಿಮೆ ಇರೋದರಿಂದ ಮುಂಗಡ ತೆರಿಗೆ ಕಟ್ಟಿಲ್ಲ ಅನ್ನುವ ಬಡ್ಡಿ ಬೀಳಲ್ಲ. 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 234B, 234C ಬಡ್ಡಿಯನ್ನೂ ಸೇರಿಸಬೇಕು. ಮೊದಲ ರಿಟರ್ನ್ ಸಮಯಕ್ಕೆ ಹಾಕಿದ್ದರಿಂದ ತಡದ ಶುಲ್ಕವೂ ಇಲ್ಲ.

ಆದರೆ ಆ ವರ್ಷದ ರಿಟರ್ನ್ ತಿದ್ದುವ ಗಡುವು 2025ರ ಜನವರಿ 15ಕ್ಕೇ ಮುಗಿದಿತ್ತು. ಉಳಿದಿರೋದು ಐಟಿಆರ್-ಯು, ಅಂದರೆ ಸೆಕ್ಷನ್ 139(8A)ರ ಅಪ್‌ಡೇಟೆಡ್ ರಿಟರ್ನ್. ಇದರಲ್ಲಿ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನಷ್ಟು ಕಟ್ಟಬೇಕು. ಅಸೆಸ್‌ಮೆಂಟ್ ವರ್ಷ ಮುಗಿದು 12 ತಿಂಗಳೊಳಗೆ ಆದರೆ 25%, 24 ತಿಂಗಳೊಳಗೆ 50%, 36ರೊಳಗೆ 60%, 48ರೊಳಗೆ 70%. ಈ ಅಸೆಸ್‌ಮೆಂಟ್ ವರ್ಷ ಮುಗಿದದ್ದು 2025ರ ಮಾರ್ಚ್ 31ಕ್ಕೆ. ಅವರು 2026ರ ಮಾರ್ಚ್ 31ರೊಳಗೆ ಹಾಕಿದರೆ ಹೆಚ್ಚುವರಿ 1,997, ಒಟ್ಟು ಸುಮಾರು 9,980 ರೂಪಾಯಿ. ಒಂದು ದಿನ ದಾಟಿದರೂ 50% ಆಗಿ ಒಟ್ಟು ಸುಮಾರು 11,980. ಮೆಸೇಜ್ ನವೆಂಬರ್‌ನಲ್ಲೇ ಬಂದಿತ್ತು ಅನ್ನೋದು ಇಲ್ಲಿ ಎರಡು ಸಾವಿರ ರೂಪಾಯಿಯ ವಿಷಯ.

ಐಟಿಆರ್-ಯು ಹಾಕೋದು ಹೇಗೆ? ಎಲ್ಲರೂ ಹಾಕಬಹುದಾ?

ಮೊದಲು e-Pay Tax ಒಳಗೆ ಹೋಗಿ ಅದೇ ಅಸೆಸ್‌ಮೆಂಟ್ ವರ್ಷ ಆರಿಸಿ, Self-Assessment Tax (300) ಅಡಿಯಲ್ಲಿ ದುಡ್ಡು ಕಟ್ಟಿ. ಚಲನ್‌ನಲ್ಲಿ ವರ್ಷ ತಪ್ಪಿದರೆ ಕಟ್ಟಿದ ದುಡ್ಡು ಬೇರೆ ವರ್ಷಕ್ಕೆ ಹೋಗಿ ಕೂರುತ್ತೆ, ಅದಕ್ಕೆ ಒತ್ತುವ ಮುಂಚೆ ಇನ್ನೊಂದ್ಸಲ ನೋಡಿ. ಆಮೇಲೆ ರಿಟರ್ನ್ ಹಾಕುವಾಗ 139(8A) ಆರಿಸಿ, ಆದಾಯ ಸರಿಯಾಗಿ ತೋರಿಸಿರಲಿಲ್ಲ ಅನ್ನುವ ಕಾರಣ ಗುರುತು ಮಾಡಿ, ಚಲನ್ ವಿವರ ತುಂಬಿ, ಕೊನೆಗೆ ಇ-ವೆರಿಫೈ ಮಾಡಿ. ಹಳೆ ರಿಟರ್ನ್‌ನಲ್ಲಿದ್ದ ಸಂಬಳ, ಕಡಿತ ಎಲ್ಲವೂ ಇದರಲ್ಲಿ ಮತ್ತೆ ಇರಬೇಕು. ಬಡ್ಡಿ ಒಂದನ್ನೇ ತುಂಬಿ ಕಳಿಸೋದಲ್ಲ.

ಒಂದು ವರ್ಷಕ್ಕೆ ಒಂದೇ ಸಲ ಹಾಕಬಹುದು, ಹಾಗಾಗಿ ಎಲ್ಲಾ ಬ್ಯಾಂಕ್ ನೋಡಿ ಮುಗಿಸಿದ ಮೇಲೇ ಹಾಕಿ. ತೆರಿಗೆ ಕಡಿಮೆ ಮಾಡಿಕೊಳ್ಳೋಕೆ, ರೀಫಂಡ್ ಪಡೆಯೋಕೆ ಅಥವಾ ಜಾಸ್ತಿ ಮಾಡಿಕೊಳ್ಳೋಕೆ ಇದು ಬರಲ್ಲ. ಆ ವರ್ಷಕ್ಕೆ 143(2) ಸ್ಕ್ರೂಟಿನಿ ನಡೀತಿದ್ದರೂ ಈ ದಾರಿ ಮುಚ್ಚಿರುತ್ತೆ.

ಉತ್ತರದಲ್ಲಿ ಏನಂತ ಬರೀಬೇಕು?

ಎಐಎಸ್‌ನಲ್ಲಿ ಸಾಲಿನ ಮುಂದೆ ಆಯ್ಕೆ ಒತ್ತೋದು ಬೇರೆ, ನೋಟಿಸ್‌ಗೆ ಬರಹದಲ್ಲಿ ಉತ್ತರ ಕೊಡೋದು ಬೇರೆ. ಬರಹದ ಉತ್ತರ ಕೇಳಿದ್ದರೆ ಕಥೆ ಬೇಡ. ಬಡ್ಡಿ ಬಿಟ್ಟುಹೋಗಲು ಮನೆಯಲ್ಲಿ ಏನು ಕಷ್ಟ ಇತ್ತು ಅನ್ನೋದರಿಂದ ಅಧಿಕಾರಿಯ ಲೆಕ್ಕ ಕೂಡಲ್ಲ. ಮೊತ್ತ, ಬ್ಯಾಂಕ್, ದಾಖಲೆ, ಇಷ್ಟಿದ್ದರೆ ಸಾಕು. ಉದಾಹರಣೆಯವರ ಉತ್ತರದ ಸಾರ ಹೀಗಿರಬಹುದು:

"ನೋಟಿಸ್‌ನಲ್ಲಿರುವ 68,600 ರೂಪಾಯಿ ಮೂರು ಬ್ಯಾಂಕಿಗೆ ಸೇರಿದ್ದು. ಒಂದು, ಉಳಿತಾಯ ಖಾತೆಯ ಬಡ್ಡಿ 6,200. ಎರಡು, ಎಫ್‌ಡಿ ಬಡ್ಡಿ 38,400. ಇವೆರಡೂ ನನ್ನ ಆದಾಯ, ಮೊದಲ ರಿಟರ್ನ್‌ನಲ್ಲಿ ಬಿಟ್ಟುಹೋಗಿತ್ತು. ಸೆಕ್ಷನ್ 139(8A) ಅಡಿ ಅಪ್‌ಡೇಟೆಡ್ ರಿಟರ್ನ್ ಹಾಕಿ ತೆರಿಗೆ ಕಟ್ಟಿದ್ದೇನೆ, ಸ್ವೀಕೃತಿ ಮತ್ತು ಚಲನ್ ಲಗತ್ತಿಸಿದೆ. ಮೂರು, ಜಂಟಿ ಠೇವಣಿಯ ಬಡ್ಡಿ 24,000. ಈ ಹಣ ನನ್ನ ತಾಯಿಯದು, ನಾನು ಹೆಸರಿಗೆ ಮಾತ್ರ ಮೊದಲ ಖಾತೆದಾರ. ಅವರ ಖಾತೆಯಿಂದ ಹಣ ಹೋದ ಸ್ಟೇಟ್‌ಮೆಂಟ್ ಲಗತ್ತಿಸಿದೆ."

ಮೂರೂ ಸಾಲು ಕೂಡಿದರೆ ನೋಟಿಸ್‌ನ ಮೊತ್ತವೇ ಬರಬೇಕು. ಒಂದು ರೂಪಾಯಿಯೂ ಗಾಳಿಯಲ್ಲಿ ತೇಲಬಾರದು. ಓದುವವರು ಮೊದಲು ನೋಡೋದು ಅದನ್ನೇ.

ಗಡುವಿನೊಳಗೆ ಬ್ಯಾಂಕ್‌ನಿಂದ ದಾಖಲೆ ಸಿಗಲಿಲ್ಲ ಅಂದರೆ ಸುಮ್ಮನೆ ಕೂರಬೇಡಿ. e-Proceedings ಒಳಗೆ ಸಮಯ ಕೇಳುವ ಆಯ್ಕೆ ಇದ್ದರೆ ಕಾರಣ ಬರೆದು ಕೇಳಿ. ಇರುವ ದಾಖಲೆಯನ್ನು ಆಗಲೇ ಹಾಕಿ.

ರಗಳೆನೇ ಬೇಡ, ಎಲ್ಲಾ ಒಪ್ಕೊಂಡು ಕಟ್ಟಿಬಿಡ್ಲಾ? ಅಥವಾ ಎಲ್ಲಾ ನಂದಲ್ಲ ಅಂತ ಹಾಕ್ಲಾ?

ಎರಡೂ ಬೇಡ. ಎಲ್ಲಾ ಒಪ್ಪಿಕೊಂಡರೆ ಉದಾಹರಣೆಯವರು ತಾಯಿಯ 24,000ಕ್ಕೂ 20% ಲೆಕ್ಕದಲ್ಲಿ ಕಟ್ಟುತ್ತಾರೆ. ತಾಯಿಗೆ ಬೇರೆ ಆದಾಯ ಇಲ್ಲದಿದ್ದರೆ ಆ ಬಡ್ಡಿಗೆ ತೆರಿಗೆಯೇ ಇರುತ್ತಿರಲಿಲ್ಲ.

ಎಲ್ಲಾ ನಿರಾಕರಿಸೋದು ಇನ್ನೂ ಕೆಟ್ಟದ್ದು. ನೀವು ಕೊಟ್ಟ ಪ್ರತಿಕ್ರಿಯೆ ವರದಿ ಮಾಡಿದ ಬ್ಯಾಂಕಿಗೇ ಹೋಗಬಹುದು. ಬ್ಯಾಂಕ್ ತನ್ನ ದಾಖಲೆ ನೋಡಿ, ವರದಿ ಸರಿಯಾಗೇ ಇದೆ ಅಂದರೆ ನಿಮ್ಮ ಮಾತು ಬಿದ್ದುಹೋಗುತ್ತೆ. ಆಮೇಲೆ ಅಸೆಸ್‌ಮೆಂಟ್‌ನಲ್ಲಿ ಕಡಿಮೆ ಆದಾಯ ತೋರಿಸಿದ್ದಕ್ಕೆ ಸೆಕ್ಷನ್ 270A ಅಡಿ ತೆರಿಗೆಯ 50% ದಂಡ ಬೀಳಬಹುದು, ಸುಳ್ಳು ಹೇಳಿ ಮುಚ್ಚಿಟ್ಟದ್ದು ಅಂತ ಆದರೆ 200%. ಉದಾಹರಣೆಯ 1,997 ಎಲ್ಲಿ, ಇದೆಲ್ಲಿ ನೋಡಿ.

ಉತ್ತರ ಕಳಿಸಿ ಆಯ್ತು. ಆಮೇಲೆ?

ಕಳಿಸಿದ ಉತ್ತರದ ಸ್ವೀಕೃತಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಎಐಎಸ್‌ನಲ್ಲಿ ನಿಮ್ಮದಲ್ಲ ಅಂದ ಸಾಲಿನ ಪಕ್ಕದಲ್ಲಿ, ಅದನ್ನು ಬ್ಯಾಂಕಿಗೆ ಕಳಿಸಿದರಾ, ಯಾವತ್ತು ಕಳಿಸಿದರು, ಬ್ಯಾಂಕ್ ಏನು ಹೇಳಿತು ಅಂತ 2024ರಿಂದ ಕಾಣುತ್ತೆ. ಬ್ಯಾಂಕ್ ತಪ್ಪು ಒಪ್ಪಿಕೊಂಡರೆ ತಿದ್ದಿದ ವರದಿ ಹಾಕಬೇಕು, ಆಗ ಆ ಮೊತ್ತ ಬದಲಾಗುತ್ತೆ. ಒಪ್ಪಲಿಲ್ಲ ಅಂದರೆ ಬ್ರಾಂಚ್‌ಗೆ ಬರಹದಲ್ಲಿ ಕೊಟ್ಟು ಅದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ, ಮುಂದೆ ಯಾರಾದರೂ ಕೇಳಿದರೆ ತೋರಿಸಲು ಅದೇ ಸಾಕ್ಷಿ.

ಜಂಟಿ ಖಾತೆಯಾದರೆ ಇನ್ನೂ ಒಂದು ಕೆಲಸ ಇದೆ. ಬಡ್ಡಿ ವರ್ಷವರ್ಷವೂ ಬರ್ತಾನೇ ಇರುತ್ತೆ, ವರದಿಯೂ ಮಗನ ಪ್ಯಾನ್‌ಗೇ ಹೋಗ್ತಾ ಇರುತ್ತೆ. ಆ ಎಫ್‌ಡಿ ಮೆಚೂರ್ ಆದಾಗ ಹೊಸದನ್ನು ತಾಯಿಯ ಹೆಸರು ಮೊದಲು ಬರುವ ಹಾಗೆ ಮಾಡಿಸಿ.

ಈ ವರ್ಷದ್ದರಲ್ಲೂ ಹೀಗೇ ಆಗಿರಬಹುದಾ?

ಆಗಿರೋ ಸಾಧ್ಯತೆ ಜಾಸ್ತಿನೇ. ಎಫ್‌ಡಿ ಹಳೆಯದಾದರೆ ಹಿಂದಿನ ವರ್ಷವೂ ಬಡ್ಡಿ ಬಂದಿರುತ್ತೆ, ಮುಂದಿನ ವರ್ಷವೂ ಬಂದಿರುತ್ತೆ. ಒಂದು ವರ್ಷಕ್ಕೆ ಮೆಸೇಜ್ ಬಂದಾಗಲೇ ಅದರ ಹಿಂದಿನ, ಮುಂದಿನ ವರ್ಷಗಳ ಎಐಎಸ್ ಕೂಡ ತೆರೆದು ನೋಡಿ. ರಿಟರ್ನ್ ತಿದ್ದುವ ಗಡುವು ಇನ್ನೂ ಮುಗಿಯದ ವರ್ಷ ಇದ್ದರೆ ಅಲ್ಲಿ 25%, 50%ರ ಮಾತೇ ಇಲ್ಲ. ತಿದ್ದಿದ ರಿಟರ್ನ್ ಹಾಕಿ, ಬಾಕಿ ತೆರಿಗೆ ಮತ್ತು ಬಡ್ಡಿ ಬಂದರೆ ಅದನ್ನು ಕಟ್ಟಿ ಮುಗಿಸಬಹುದು.